ಮಾರ್ಚ್ 25ರವರೆಗೆ ಗೊತ್ತಿದ್ದಷ್ಟು

2020ರ ಮಾರ್ಚ್ 25. ಭಾರತದಲ್ಲಿ ಲಾಕ್‌ಡೌನಿನ ಮೊದಲ ದಿನ. ಅಮೆರಿಕದ ಡಲ್ಲಾಸ್‌ನಲ್ಲಿ ನಾಲ್ವರು ತಜ್ಞರು, ಅಂದರೆ ಜೇಮ್ಸ್ ಸ್ಯಾಂಡರ್ಸ್ ಮತ್ತು ಅವರ ಮೂವರು ಜೊತೆಗಾರರು, ತಾವು ಬರೆಯುತ್ತಿದ್ದ ಲೇಖನಕ್ಕೆ ಅದೇ ತಾರೀಖನ್ನು ಗಡಿಯಾಗಿ ಇಟ್ಟುಕೊಂಡರು. ಈ ದಿನದವರೆಗೆ ಪ್ರಕಟವಾದದ್ದನ್ನು ಓದುತ್ತೇವೆ, ಆಮೇಲಿನದು ನಮ್ಮ ಲೆಕ್ಕಕ್ಕಿಲ್ಲ ಎಂದು. ವೈದ್ಯಕೀಯ ಪ್ರಬಂಧಗಳ ದೊಡ್ಡ ಭಂಡಾರವಾದ ಪಬ್‌ಮೆಡ್‌ನಲ್ಲಿ ಹುಡುಕಿದಾಗ ಅವರಿಗೆ ಸಿಕ್ಕಿದ್ದು 1315 ಪ್ರಬಂಧಗಳು. ಕೋವಿಡ್‌ಗೆ ಯಾವ ಔಷಧ ಕೆಲಸ ಮಾಡುತ್ತದೆ ಎಂಬ ಒಂದೇ ಪ್ರಶ್ನೆಗೆ ಅಷ್ಟೊಂದು ಕಾಗದ. ಆದರೆ ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ಔಷಧ ಕೊಟ್ಟು ಇನ್ನೊಂದಕ್ಕೆ ಕೊಡದೆ ಹೋಲಿಸಿದ ಪಕ್ಕಾ ಪ್ರಯೋಗಗಳು ಅದರಲ್ಲಿ ಬೆರಳೆಣಿಕೆಯಷ್ಟೂ ಇರಲಿಲ್ಲ ಎನ್ನಬಹುದು.

ಆ ಲೇಖನ ಏಪ್ರಿಲ್ 13ರಂದು ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆ ‘ಜಾಮಾ’ದಲ್ಲಿ ಬಂತು. ಹುಡುಕಾಟದ ಗಡಿಯಿಂದ ಪ್ರಕಟಣೆಗೆ ಮೂರು ವಾರವೂ ಹಿಡಿಯಲಿಲ್ಲ. ಇಂಥ ಬರಹಕ್ಕೆ ವೈದ್ಯರ ನಡುವೆ ‘ನ್ಯಾರೇಟಿವ್ ರಿವ್ಯೂ’ ಎಂಬ ಹೆಸರಿದೆ. ಇದು ಹೊಸ ಸಂಶೋಧನೆಯಲ್ಲ. ಬೇರೆಯವರ ಸಂಶೋಧನೆಗಳನ್ನು ಓದಿ, ತೂಗಿ, ಒಂದು ಎಳೆಯಲ್ಲಿ ಹೇಳುವ ಕೆಲಸ. ಇದರ ಅಣ್ಣನಂತಿರುವ ‘ಸಿಸ್ಟಮ್ಯಾಟಿಕ್ ರಿವ್ಯೂ’ ಬಲು ಕಟ್ಟುನಿಟ್ಟಿನದು. ಯಾವ ಬಗೆಯ ಪ್ರಬಂಧವನ್ನು ಸೇರಿಸಬೇಕು, ಹೇಗೆ ಅಳೆಯಬೇಕು ಎಂಬುದನ್ನೆಲ್ಲ ಮೊದಲೇ ಬರೆದಿಟ್ಟುಕೊಂಡು, ಸಾಧ್ಯವಾದರೆ ಅಂಕಿಗಳನ್ನೆಲ್ಲ ಕೂಡಿಸಿ ಒಂದೇ ಉತ್ತರ ತೆಗೆಯುತ್ತದೆ. ಅದಕ್ಕೆ ತಿಂಗಳುಗಳೇ ಬೇಕು. ಮೇಲಾಗಿ, ಕೂಡಿಸಲು ಪ್ರಯೋಗಗಳೇ ಇಲ್ಲದಾಗ ಅದು ‘ಸಾಕ್ಷ್ಯ ಸಿಗಲಿಲ್ಲ’ ಎಂಬ ಒಂದು ವಾಕ್ಯದಲ್ಲಿ ಮುಗಿದುಹೋಗುತ್ತದೆ. ವಾರ್ಡಿನಲ್ಲಿ ರೋಗಿಯ ಪಕ್ಕ ನಿಂತ ವೈದ್ಯರಿಗೆ ಆ ಒಂದು ವಾಕ್ಯದಿಂದ ಪ್ರಯೋಜನವಿಲ್ಲ.

ಹಾಗೆಂದು ನ್ಯಾರೇಟಿವ್ ರಿವ್ಯೂ ಅಂದರೆ ಕಣ್ಣಿಗೆ ಬಿದ್ದದ್ದನ್ನು ಕಟ್ಟಿ ಕೊಡುವುದೂ ಅಲ್ಲ. ಇಂಥ ಬರಹದ ಗುಣಮಟ್ಟ ಅಳೆಯಲು 2019ರಲ್ಲಿ ಪ್ರಕಟವಾದ ‘ಸನ್ರಾ’ ಎಂಬ ಅಳತೆಗೋಲಿದೆ. ಆರು ಅಂಶ, ಒಂದೊಂದಕ್ಕೂ ಎರಡೆರಡು ಅಂಕ, ಒಟ್ಟು ಹನ್ನೆರಡು. ಅದರಲ್ಲಿ ಒಂದು ಅಂಶ, ಹುಡುಕಿದ್ದು ಹೇಗೆಂದು ಬರೆದಿದ್ದೀರಾ ಎಂಬುದು. ಡಲ್ಲಾಸ್ ತಂಡ ಇದನ್ನು ಒಂದೇ ಪ್ಯಾರಾದಲ್ಲಿ ಮುಗಿಸಿತು: ಎಲ್ಲಿ ಹುಡುಕಿದೆವು, ಯಾವ ಪದ ಬಳಸಿದೆವು, ಯಾವ ತಾರೀಖಿನವರೆಗೆ, ಯಾವ ಭಾಷೆಯ ಪ್ರಬಂಧ. ಅವರ ಪದಗಳನ್ನು ಪಬ್‌ಮೆಡ್‌ಗೆ ಒಪ್ಪುವಂತೆ ಜೋಡಿಸಿದರೆ ಹೆಚ್ಚುಕಡಿಮೆ ಹೀಗಾಗುತ್ತದೆ:

```
(coronavirus OR "SARS-CoV-2" OR "2019-nCoV"
 OR "SARS-CoV" OR "MERS-CoV" OR "COVID-19")
AND (treatment OR pharmacology)
```

ಎರಡನೇ ಸಾಲನ್ನು ಗಮನಿಸಬೇಕು. ಕೇಳುತ್ತಿರುವುದು ಕೋವಿಡ್ ಬಗ್ಗೆ, ಆದರೆ ಹುಡುಕಾಟದಲ್ಲಿ 2003ರ ಸಾರ್ಸ್ ಇದೆ, 2012ರ ಮರ್ಸ್ ಇದೆ. ಹೊಸ ರೋಗಕ್ಕೆ ಸ್ವಂತ ಸಾಕ್ಷ್ಯ ಇಲ್ಲದಾಗ ದಾಯಾದಿಗಳ ಮನೆಯಿಂದ ಕಡ ತರಬೇಕಾಗುತ್ತದೆ. ತಂದದ್ದನ್ನು ತಂದದ್ದೆಂದೇ ಹೇಳಬೇಕು, ಅಷ್ಟೆ. ‘ಸಾರ್ಸ್‌ನಲ್ಲಿ ಹೀಗಾಗಿತ್ತು’ ಎಂಬ ಮಾತು ಎರಡು ಪ್ಯಾರಾ ದಾಟುವಷ್ಟರಲ್ಲಿ ‘ಕೊರೊನಾದಲ್ಲಿ ಹೀಗಾಗುತ್ತದೆ’ ಎಂದು ಬದಲಾಗಿಬಿಡುವುದು ಈ ಕೆಲಸದಲ್ಲಿ ತೀರಾ ಮಾಮೂಲಿ ತಪ್ಪು.

ಪ್ರಬಂಧಗಳು ಸಿಕ್ಕ ಮೇಲೆ ಓದು. ಅವಸರದ ರಿವ್ಯೂ ಕೆಡುವುದು ಹೆಚ್ಚಾಗಿ ಇಲ್ಲೇ, ಅದೂ ತೀರಾ ಸರಳ ಲೆಕ್ಕದಲ್ಲಿ.

ವೂಹಾನ್‌ನ ಜಿನ್‌ಯಿನ್‌ತಾನ್ ಆಸ್ಪತ್ರೆಯಿಂದ 2020ರ ಜನವರಿ ಕೊನೆಯಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಗೆ ಒಂದು ವರದಿ ಬಂತು. 99 ರೋಗಿಗಳು, 11 ಸಾವು. ನೂರಕ್ಕೆ ಹನ್ನೊಂದು ಎಂದು ಬರೆದುಕೊಂಡು ಮುಂದೆ ಹೋಗುವುದು ಸುಲಭ. ಆದರೆ ವರದಿಯೊಳಗೆ ಇನ್ನೊಂದು ಸಂಗತಿ ಇತ್ತು. ಬಿಡುಗಡೆಯಾಗಿ ಮನೆಗೆ ಹೋದವರು 31 ಜನ, ಉಳಿದ 57 ಮಂದಿ ಇನ್ನೂ ಹಾಸಿಗೆಯಲ್ಲೇ ಇದ್ದರು. ಅವರ ಕಥೆ ಮುಗಿದಿರಲಿಲ್ಲ. ಕಥೆ ಮುಗಿದ 42 ಜನರಲ್ಲಿ 11 ಸಾವು ಅಂದರೆ ನೂರಕ್ಕೆ 26. ನಿಜವಾದ ಸಂಖ್ಯೆ ಇವೆರಡರಲ್ಲಿ ಯಾವುದೂ ಅಲ್ಲ. ಮೊದಲನೆಯದು ಇನ್ನೂ ಸಾಯಬಹುದಾದವರನ್ನು ಬದುಕಿದವರ ಲೆಕ್ಕಕ್ಕೆ ಹಾಕಿದೆ. ಎರಡನೆಯದು ನಿಧಾನವಾಗಿ ಚೇತರಿಸಿಕೊಳ್ಳುತ್ತಿದ್ದವರನ್ನು ಬಿಟ್ಟುಬಿಟ್ಟಿದೆ. ಇವರೆಲ್ಲ ಆಸ್ಪತ್ರೆಗೆ ಸೇರುವಷ್ಟು ಕಾಯಿಲೆಯಾದವರು ಎಂಬುದು ಬೇರೆ. ಮನೆಯಲ್ಲೇ ಕೆಮ್ಮಿ ಗುಣವಾದವರು ಯಾವ ಲೆಕ್ಕದಲ್ಲೂ ಇಲ್ಲ. ಹಾಗಾಗಿ ರಿವ್ಯೂ ಬರೆಯುವವರು ‘ಮರಣ ಪ್ರಮಾಣ ಶೇ. 11’ ಎನ್ನಬಾರದು. ‘ಆಸ್ಪತ್ರೆ ಸೇರಿದ 99 ಜನರಲ್ಲಿ ವರದಿಯ ಹೊತ್ತಿಗೆ 11 ಮಂದಿ ತೀರಿಕೊಂಡಿದ್ದರು, 57 ಮಂದಿ ಇನ್ನೂ ಚಿಕಿತ್ಸೆಯಲ್ಲಿದ್ದರು’ ಎನ್ನಬೇಕು. ವಾಕ್ಯ ಉದ್ದವಾಯಿತು, ನಿಜ. ಆದರೆ ಸುಳ್ಳಾಗಲಿಲ್ಲ.

ಅದೇ ಆಸ್ಪತ್ರೆಯಿಂದ ಆರು ದಿನ ಮೊದಲು 41 ರೋಗಿಗಳ ಇನ್ನೊಂದು ವರದಿ ಅದೇ ಪತ್ರಿಕೆಯಲ್ಲಿ ಬಂದಿತ್ತು. ಹಾಗಾದರೆ ಒಟ್ಟು 140 ರೋಗಿಗಳೆಂದು ಕೂಡಿಸಬಹುದೇ? ಕೂಡದು. ಎರಡರ ಅವಧಿಯೂ ಜನವರಿಯ ಮೊದಲ ಎರಡು ದಿನ ಒಂದರ ಮೇಲೊಂದು ಬೀಳುತ್ತದೆ. ಒಬ್ಬನೇ ರೋಗಿ ಎರಡೂ ಕಡೆ ಎಣಿಕೆಯಾಗಿರುವ ಸಂಭವವಿದೆ. ಇದು ಬರೀ ಅನುಮಾನದ ಮಾತಲ್ಲ. ಒಂದೇ ರೋಗಿಗಳು ಬೇರೆ ಬೇರೆ ವರದಿಗಳಲ್ಲಿ ಕಾಣಿಸಿಕೊಳ್ಳುತ್ತಿದ್ದಾರೆ, ಓದುಗರಿಗೆ ಅದು ತಿಳಿಯುತ್ತಿಲ್ಲ ಎಂದು ಆ ಮಾರ್ಚ್‌ನಲ್ಲಿ ‘ಜಾಮಾ’ದ ಸಂಪಾದಕರೇ ಬಹಿರಂಗವಾಗಿ ಆತಂಕ ತೋಡಿಕೊಂಡರು. ಇದನ್ನು ಹಿಡಿಯಲು ದೊಡ್ಡ ಗಣಿತ ಬೇಡ. ಪ್ರತಿ ವರದಿಗೂ ಆಸ್ಪತ್ರೆಯ ಹೆಸರು, ರೋಗಿಗಳು ದಾಖಲಾದ ಮೊದಲ ಮತ್ತು ಕೊನೆಯ ತಾರೀಖು, ಎಷ್ಟು ಜನ, ಇಷ್ಟನ್ನು ಒಂದು ಪಟ್ಟಿಯಲ್ಲಿ ಬರೆದಿಟ್ಟುಕೊಂಡರೆ ಸಾಕು. ಆಸ್ಪತ್ರೆಯೂ ತಾರೀಖೂ ಒಂದಕ್ಕೊಂದು ತಾಗಿದ ಕಡೆ ಕೂಡಿಸುವುದನ್ನು ನಿಲ್ಲಿಸಿ, ಎರಡರಲ್ಲಿ ದೊಡ್ಡದನ್ನು ಮಾತ್ರ ಹೇಳಬೇಕು.

ಇನ್ನು ಔಷಧಗಳು.

ಹೈಡ್ರಾಕ್ಸಿಕ್ಲೋರೋಕ್ವಿನ್ ಎಂಬ ಹೆಸರು ಆ ವರ್ಷ ಹಳ್ಳಿ ಹಳ್ಳಿಯ ಔಷಧದಂಗಡಿಗೂ ಗೊತ್ತಾಯಿತು. ಫ್ರಾನ್ಸ್‌ನ ಮಾರ್ಸೆ ನಗರದ ತಂಡವೊಂದು ಮಾರ್ಚ್ 20ರಂದು ಪ್ರಕಟಿಸಿದ ಪ್ರಬಂಧ ಅದಕ್ಕೆ ದೊಡ್ಡ ಕಾರಣ. ಔಷಧ ಪಡೆದ 20 ಜನರಲ್ಲಿ 14 ಮಂದಿಗೆ ಆರನೇ ದಿನ ಮೂಗಿನಲ್ಲಿ ವೈರಸ್ ಕಾಣಲಿಲ್ಲ. ಪಡೆಯದ 16 ಜನರಲ್ಲಿ ಹಾಗಾದದ್ದು ಇಬ್ಬರಿಗೆ ಮಾತ್ರ. ಶೇ. 70ರ ಎದುರು ಶೇ. 12.5. ಇಷ್ಟೇ ಓದಿದವರಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ ಅನ್ನಿಸಿದರೆ ಆಶ್ಚರ್ಯವಿಲ್ಲ.

ಆದರೆ ಔಷಧ ಶುರುಮಾಡಿದ್ದು 20 ಜನರಿಗಲ್ಲ, 26 ಜನರಿಗೆ. ಉಳಿದ ಆರು ಮಂದಿ ಎಲ್ಲಿ ಹೋದರು? ಮೂವರನ್ನು ತೀವ್ರ ನಿಗಾ ಘಟಕಕ್ಕೆ ಸಾಗಿಸಲಾಗಿತ್ತು. ಒಬ್ಬರು ತೀರಿಕೊಂಡಿದ್ದರು. ಒಬ್ಬರು ಆಸ್ಪತ್ರೆ ಬಿಟ್ಟು ಹೋಗಿದ್ದರು, ಇನ್ನೊಬ್ಬರು ವಾಕರಿಕೆ ತಾಳದೆ ಔಷಧ ನಿಲ್ಲಿಸಿದ್ದರು. ಅಂದರೆ ಔಷಧ ಪಡೆದೂ ಪರಿಸ್ಥಿತಿ ಬಿಗಡಾಯಿಸಿದ ನಾಲ್ವರು ಲೆಕ್ಕದಿಂದಲೇ ಹೊರಗೆ. ಇದನ್ನು ಪ್ರಬಂಧ ಮುಚ್ಚಿಟ್ಟಿರಲಿಲ್ಲ; ಒಳಗೆ ಬರೆದೇ ಇತ್ತು, ಓದುವವರು ಅಲ್ಲಿಯವರೆಗೆ ಹೋಗಬೇಕಿತ್ತು. ಔಷಧ ಶುರುಮಾಡಿದ ಎಲ್ಲರನ್ನೂ ಛೇದದಲ್ಲಿಟ್ಟರೆ 26ರಲ್ಲಿ 14, ಅಂದರೆ ಶೇ. 54. ಜೊತೆಗೆ ಹೋಲಿಕೆಯ ಗುಂಪು ಚೀಟಿ ಎತ್ತಿ ಆದದ್ದಲ್ಲ: ಬೇರೆ ಆಸ್ಪತ್ರೆಗಳ ರೋಗಿಗಳು, ಔಷಧ ಬೇಡವೆಂದವರು ಸೇರಿ ಆದದ್ದು. ಅಳೆದದ್ದು ಕೂಡ ಮೂಗಿನಲ್ಲಿ ವೈರಸ್ ಇದೆಯೇ ಎಂಬುದನ್ನು. ರೋಗಿ ಬದುಕಿದರೇ, ಎದ್ದು ಓಡಾಡಿದರೇ ಎಂಬುದನ್ನಲ್ಲ.

ರಿವ್ಯೂ ಬರೆಯುವವರು ಇಂಥ ಪ್ರಬಂಧವನ್ನು ಏನು ಮಾಡಬೇಕು? ಬಿಟ್ಟುಬಿಡುವಂತಿಲ್ಲ, ಅಮೆರಿಕದ ಅಧ್ಯಕ್ಷರು ಅದರ ಬಗ್ಗೆ ಟ್ವೀಟ್ ಮಾಡಿಯಾಗಿದೆ. ಭಾರತದಲ್ಲಿ ವೈದ್ಯಕೀಯ ಸಂಶೋಧನಾ ಮಂಡಳಿಯ ಕಾರ್ಯಪಡೆ ಆರೋಗ್ಯ ಸಿಬ್ಬಂದಿ ಮುಂಜಾಗ್ರತೆಗೆ ಇದೇ ಮಾತ್ರೆ ತೆಗೆದುಕೊಳ್ಳಬಹುದೆಂದು ಮಾರ್ಚ್‌ನಲ್ಲೇ ಸಲಹೆ ಕೊಟ್ಟಾಗಿದೆ. ವೈದ್ಯರು ಕೇಳಿಯೇ ಕೇಳುತ್ತಾರೆ. ಡಲ್ಲಾಸ್ ತಂಡ ಅದನ್ನು ಸೇರಿಸಿಕೊಂಡಿತು, ಅಂಕಿಯನ್ನೂ ಕೊಟ್ಟಿತು, ಬೆನ್ನಿಗೇ ಅದರ ಕುಂದುಗಳನ್ನೂ ಹೇಳಿತು. ಅಂಕಿ ಒಂದು ಪುಟದಲ್ಲಿ, ಕುಂದು ಕೊನೆಯ ‘ಮಿತಿಗಳು’ ಎಂಬ ಭಾಗದಲ್ಲಿ ಎಂದು ಬೇರೆ ಮಾಡಿದರೆ ಓದುಗರಿಗೆ ತಲುಪುವುದು ಅಂಕಿ ಮಾತ್ರ. ಇಂಥ ಬರಹದಲ್ಲಿ ಜಾಣತನ ಎಂಬುದೇನಾದರೂ ಇದ್ದರೆ, ಅದು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದರಲ್ಲಿದೆ.

ತಪ್ಪು ಮಾಡಲು ಇನ್ನೊಂದು ದಿಕ್ಕೂ ಇದೆ. ಲೋಪಿನಾವಿರ್-ರಿಟೊನಾವಿರ್ ಎಂಬ ಎಚ್‌ಐವಿ ಮಾತ್ರೆಯ ಮೇಲೆ ವೂಹಾನ್‌ನಲ್ಲಿ ಸರಿಯಾದ ಪ್ರಯೋಗವೇ ನಡೆಯಿತು. 199 ರೋಗಿಗಳು, ಚೀಟಿ ಎತ್ತಿದಂತೆ ಹಂಚಿಕೆ. ಫಲಿತಾಂಶ ಮಾರ್ಚ್ 18ಕ್ಕೆ ಬಂತು: ಚೇತರಿಕೆಯ ವೇಗದಲ್ಲಿ ವ್ಯತ್ಯಾಸವಿಲ್ಲ. ಇಪ್ಪತ್ತೆಂಟು ದಿನದಲ್ಲಿ ಸತ್ತವರು ಔಷಧದ ಗುಂಪಿನಲ್ಲಿ ಶೇ. 19.2, ಇನ್ನೊಂದರಲ್ಲಿ ಶೇ. 25. ಆದರೆ ಈ ವ್ಯತ್ಯಾಸದ ಅಂದಾಜಿನ ಹರವು ಎಷ್ಟು ಅಗಲವಾಗಿತ್ತೆಂದರೆ, ಔಷಧ ನೂರರಲ್ಲಿ ಹದಿನೇಳು ಜನರನ್ನು ಉಳಿಸುತ್ತದೆ ಎಂಬುದಕ್ಕೂ ಆರು ಜನರನ್ನು ಹೆಚ್ಚಿಗೆ ಕೊಲ್ಲುತ್ತದೆ ಎಂಬುದಕ್ಕೂ ಅದರಲ್ಲಿ ಜಾಗವಿತ್ತು. ಇದನ್ನು ಓದಿ ‘ಈ ಔಷಧ ಕೆಲಸ ಮಾಡುವುದಿಲ್ಲ’ ಎಂದು ಬರೆದರೆ ಅದು ಕಂಡದ್ದಕ್ಕಿಂತ ಹೆಚ್ಚು ಹೇಳಿದಂತೆ. ‘ಕೆಲಸ ಮಾಡುತ್ತದೆಂದು ಈ ಪ್ರಯೋಗ ತೋರಿಸಲಿಲ್ಲ; ಸಾವಿನ ಬಗ್ಗೆ ಹೇಳುವಷ್ಟು ಇದು ದೊಡ್ಡದಲ್ಲ’ ಎಂಬಲ್ಲಿಗೆ ನಿಲ್ಲಬೇಕು. ಕೆಲವು ತಿಂಗಳ ನಂತರ ಬ್ರಿಟನ್ನಿನ ‘ರಿಕವರಿ’ ಎಂಬ ಬೃಹತ್ ಪ್ರಯೋಗ ಐದು ಸಾವಿರ ರೋಗಿಗಳಲ್ಲಿ ಇದನ್ನು ನೋಡಿತು: ಸಾವು ಔಷಧದ ಗುಂಪಿನಲ್ಲಿ ಶೇ. 23, ಇನ್ನೊಂದರಲ್ಲಿ ಶೇ. 22. ನಿಜವಾಗಿಯೂ ಕೆಲಸ ಮಾಡುತ್ತಿರಲಿಲ್ಲ. ಆದರೆ ಅದನ್ನು ಹೇಳುವ ಹಕ್ಕು ಬಂದದ್ದು ಆಗ, ಮಾರ್ಚ್‌ನಲ್ಲಿ ಅಲ್ಲ.

ಈ ಎಲ್ಲ ಎಚ್ಚರಗಳಿದ್ದೂ ಡಲ್ಲಾಸ್ ಲೇಖನ ಒಂದು ಕಡೆ ಎಡವಿತು. ಆ ಲೇಖನದಿಂದ ಕಲಿಯಬೇಕಾದದ್ದು ಹೆಚ್ಚಾಗಿ ಇರುವುದು ಅಲ್ಲೇ.

ಸ್ಟೀರಾಯ್ಡ್ ವಿಷಯ. ಶ್ವಾಸಕೋಶದ ಉರಿಯೂತ ತಗ್ಗಿಸುತ್ತದೆಂದು ಹಲವು ವೈದ್ಯರು ಅದನ್ನು ಕೊಡುತ್ತಿದ್ದರು. ಮೈಯ ಪ್ರತಿರೋಧ ಕುಗ್ಗಿ ವೈರಸ್ ಹೆಚ್ಚು ದಿನ ಉಳಿದೀತೆಂದು ಹಲವರು ಹೆದರುತ್ತಿದ್ದರು. ಇದ್ದ ಸಾಕ್ಷ್ಯವಾದರೂ ಎಂಥದ್ದು? ಸಾರ್ಸ್ ಕಾಲದ ಅಧ್ಯಯನಗಳನ್ನು 2006ರಲ್ಲಿ ಯಾರೋ ಕೂತು ಜರಡಿ ಹಿಡಿದಿದ್ದರು. ಸ್ಟೀರಾಯ್ಡ್ ಬಗ್ಗೆ 29 ಅಧ್ಯಯನ. 25ರಿಂದ ಏನೂ ಹೇಳಲಾಗದು, ನಾಲ್ಕರಲ್ಲಿ ಹಾನಿಯ ಸುಳಿವು. ಸಾರ್ಸ್ ಬಂದು ಹೋಯಿತು, ಪ್ರಶ್ನೆ ಹಾಗೇ ಉಳಿಯಿತು. ಕೋವಿಡ್‌ನದ್ದೇ ಎಂಬುದು ಮುಖ್ಯವಾಗಿ ವೂಹಾನ್‌ನ 201 ರೋಗಿಗಳ ದಾಖಲೆಗಳ ಅಧ್ಯಯನ. ಅದರಲ್ಲಿ ಶ್ವಾಸಕೋಶ ತೀವ್ರವಾಗಿ ಸೋತ 84 ಜನರಿದ್ದರು. ಸ್ಟೀರಾಯ್ಡ್ ಪಡೆದ 50 ಮಂದಿಯಲ್ಲಿ 23 ಸಾವು, ಪಡೆಯದ 34ರಲ್ಲಿ 21. ಅಂದರೆ ಈ ಸುಳಿವು ಲಾಭದ ಕಡೆಗಿತ್ತು. ಆದರೆ ಯಾರಿಗೆ ಕೊಡಬೇಕು, ಯಾರಿಗೆ ಬೇಡ ಎಂದು ಆರಿಸಿದ್ದು ವೈದ್ಯರೇ. ಅವರು ರೋಗಿಯ ಮುಖ ನೋಡಿ ಆರಿಸಿರುತ್ತಾರೆ. ಮಂದಿ ಕಡಿಮೆ. ಇದರ ಮೇಲೆ ಏನನ್ನೂ ಕಟ್ಟುವಂತಿರಲಿಲ್ಲ.

ಲೇಖನದ ಒಳಪುಟದಲ್ಲಿ ತಂಡ ಇದನ್ನು ಸರಿಯಾಗಿಯೇ ತೂಗಿತು. ಹಾನಿಯ ಸಂಭವವಿದೆ, ಲಾಭ ಸಾಬೀತಾಗಿಲ್ಲ. ಆದ್ದರಿಂದ ಬೇರೆ ಬಲವಾದ ಕಾರಣ ಇಲ್ಲದಿದ್ದರೆ, ಪ್ರಯೋಗದ ಹೊರಗೆ ಎಲ್ಲರಿಗೂ ಕೊಡುವ ಮುನ್ನ ಯೋಚಿಸಿ ಎಂಬ ಅರ್ಥದ ಮಾತು ಅಲ್ಲಿತ್ತು. ಇದೇ ಮಾತು ಮೊದಲ ಪುಟದ ಸಾರಾಂಶಕ್ಕೆ ಬರುವಷ್ಟರಲ್ಲಿ ಸದ್ಯಕ್ಕೆ ಸ್ಟೀರಾಯ್ಡ್ ಶಿಫಾರಸಿಲ್ಲ ಎಂದಾಯಿತು. ‘ಪ್ರಯೋಗದ ಹೊರಗೆ’ ಎಂಬ ಷರತ್ತು ಉದುರಿಹೋಯಿತು. ಡ್ಯೂಟಿ ನಡುವೆ ಫೋನಿನಲ್ಲಿ ಓದುವ ವೈದ್ಯರು ಓದುವುದು ಸಾರಾಂಶವನ್ನೇ. ‘ಗೊತ್ತಿಲ್ಲ, ಪ್ರಯೋಗದಲ್ಲಿ ಸೇರಿಸಿ ನೋಡಿ’ ಎಂಬುದಕ್ಕೂ ‘ಬೇಡ’ ಎಂಬುದಕ್ಕೂ ಅಜಗಜಾಂತರವಿದೆ. ಪದಮಿತಿಯ ಒತ್ತಡದಲ್ಲಿ ಮೊದಲು ಬಲಿಯಾಗುವುದು ಆ ಅಂತರವೇ.

ಸಾರಾಂಶ ಪ್ರಕಟವಾಗಿ ಒಂಬತ್ತು ವಾರಕ್ಕೆ, ಜೂನ್ 16ರಂದು, ‘ರಿಕವರಿ’ ತನ್ನ ಫಲಿತಾಂಶ ಹೊರಹಾಕಿತು. ದಿನಕ್ಕೆ ಆರು ಮಿಲಿಗ್ರಾಂ ಡೆಕ್ಸಾಮೆಥಾಸೋನ್, ಹೆಚ್ಚೆಂದರೆ ಹತ್ತು ದಿನ. ಪಡೆದವರು 2104, ಪಡೆಯದವರು 4321. ವೆಂಟಿಲೇಟರ್ ಮೇಲಿದ್ದವರಲ್ಲಿ ಸಾವು ಶೇ. 41.4ರಿಂದ 29.3ಕ್ಕೆ ಇಳಿಯಿತು. ಬರೀ ಆಮ್ಲಜನಕದ ಮೇಲಿದ್ದವರಲ್ಲಿ ಶೇ. 26.2ರಿಂದ 23.3ಕ್ಕೆ. ಆಮ್ಲಜನಕ ಬೇಕಿಲ್ಲದವರಲ್ಲಿ ಮಾತ್ರ ಲಾಭ ಕಾಣಲಿಲ್ಲ. ಸಾವು ಪಡೆದವರಲ್ಲೇ ತುಸು ಹೆಚ್ಚಿತ್ತು, ಶೇ. 14ರ ಎದುರು 17.8, ಆ ವ್ಯತ್ಯಾಸ ಆಕಸ್ಮಿಕವೂ ಇರಬಹುದಾದರೂ. ಹಳೆಯ ಅಧ್ಯಯನಗಳು ಯಾಕೆ ಒಂದೊಂದು ದಿಕ್ಕಿಗೆ ಎಳೆಯುತ್ತಿದ್ದವೆಂಬುದಕ್ಕೆ ಇದರಲ್ಲಿ ಒಂದು ಕಾರಣ ಕಾಣುತ್ತದೆ. ಉಸಿರಿಗೆ ಒದ್ದಾಡುವವರನ್ನೂ ಒದ್ದಾಡದವರನ್ನೂ ಒಂದೇ ಗುಂಪಾಗಿ ನೋಡಿದರೆ ಒಬ್ಬರ ಲಾಭ ಇನ್ನೊಬ್ಬರ ನಷ್ಟದಲ್ಲಿ ಮುಚ್ಚಿಹೋಗುತ್ತದೆ.

ಷರತ್ತು ಉದುರುವ ಕಾಯಿಲೆ ಉಲ್ಟಾ ದಿಕ್ಕಿನಲ್ಲೂ ಬಂತು. 2021ರ ಎರಡನೇ ಅಲೆಯಲ್ಲಿ ಭಾರತದಲ್ಲಿ ‘ಸ್ಟೀರಾಯ್ಡ್ ಜೀವ ಉಳಿಸುತ್ತದೆ’ ಎಂಬಷ್ಟು ಮಾತ್ರ ಹರಡಿ, ‘ಆಮ್ಲಜನಕ ಬೇಕಾದವರಿಗೆ’ ಎಂಬುದು ಹಿಂದೆ ಬಿತ್ತು. ಮನೆಯಲ್ಲೇ ಅದನ್ನು ನುಂಗಿದವರಿದ್ದರು. ಸಕ್ಕರೆ ಕಾಯಿಲೆಯ ಜೊತೆ ಸ್ಟೀರಾಯ್ಡ್ ಸೇರಿದವರಲ್ಲಿ ಕಪ್ಪು ಶಿಲೀಂಧ್ರ ಕಾಣಿಸಿಕೊಂಡದ್ದನ್ನು ಕರ್ನಾಟಕದ ಆಸ್ಪತ್ರೆಗಳೂ ಕಂಡವು.

ಹಾಗಾದರೆ ಪ್ರಯೋಗಗಳಿಲ್ಲದ ಹೊತ್ತಿನಲ್ಲಿ ರಿವ್ಯೂ ಬರೆಯುವುದೇ ತಪ್ಪೇ? ಅಲ್ಲ. ಡಲ್ಲಾಸ್ ಲೇಖನ ಇನ್ನೊಂದು ಕೆಲಸ ಮಾಡಿತ್ತು, ಅದರ ಬೆಲೆ ಹೆಚ್ಚು ದಿನ ಉಳಿಯಿತು. ಮುಗಿದ ಪ್ರಯೋಗ ಇಲ್ಲದಿದ್ದರೂ ಶುರುವಾದವು ಇದ್ದವಲ್ಲ? ಪ್ರಯೋಗಗಳನ್ನು ಮೊದಲೇ ನೋಂದಾಯಿಸುವ ಅಮೆರಿಕದ `ClinicalTrials.gov` ಮತ್ತು ಚೀನಾದ ನೋಂದಣಿಯನ್ನು ತಂಡ ಜಾಲಾಡಿತು. ಏಪ್ರಿಲ್ 2ರ ಹೊತ್ತಿಗೆ ಅಮೆರಿಕದ ಪಟ್ಟಿಯಲ್ಲಿ ಕೋವಿಡ್‌ನದ್ದೇ 291 ಅಧ್ಯಯನಗಳಿದ್ದವು. ಅದರಲ್ಲಿ ವಯಸ್ಕರಿಗೆ ಔಷಧ ಕೊಟ್ಟು ನೋಡುವವು 109. ಪೊಳ್ಳು ಮಾತ್ರೆಯ ಜೊತೆ ಹೋಲಿಸುವವು ಬರೀ 29. ಯಾವ ಪ್ರಶ್ನೆಗೆ ಉತ್ತರ ಬರಲಿದೆ, ಯಾವುದಕ್ಕೆ ಬರುವುದೇ ಇಲ್ಲ ಎಂದು ಈ ಪಟ್ಟಿಯಿಂದ ಊಹಿಸಬಹುದಿತ್ತು. ಇದಕ್ಕೆ ತಗಲುವುದು ಒಂದು ಮಧ್ಯಾಹ್ನದ ಕೆಲಸ. ಆದರೂ ಅವಸರದಲ್ಲಿ ಬರೆಯುವವರು ಮೊದಲು ಕೈಬಿಡುವುದು ಇದನ್ನೇ.

ಉಳಿದದ್ದು ಪ್ರಕಟವಾದ ಮೇಲಿನ ಕೆಲಸ. ಬರೆದಾದ ಮೇಲೂ ಆಕರಗಳು ಕಾಲ ಕೆಳಗಿಂದ ಜಾರುತ್ತವೆ. ಆ ವರ್ಷ ಮೇ 22ರಂದು 96 ಸಾವಿರ ರೋಗಿಗಳ ದತ್ತಾಂಶವೆಂದು ‘ಲ್ಯಾನ್ಸೆಟ್’ನಲ್ಲಿ ಬಂದ ಹೈಡ್ರಾಕ್ಸಿಕ್ಲೋರೋಕ್ವಿನ್ ಪ್ರಬಂಧವನ್ನು, ಮೂಲ ದತ್ತಾಂಶ ತೋರಿಸಲಾಗದೆ ಜೂನ್ 4ಕ್ಕೇ ಹಿಂಪಡೆಯಲಾಯಿತು. ಆ ಹದಿಮೂರು ದಿನಗಳಲ್ಲಿ ರಿವ್ಯೂ ಕಳಿಸಿದವರು ಏನು ಮಾಡಬೇಕಿತ್ತು? ಕರಡನ್ನು ಅಚ್ಚಿಗೆ ಬಿಡುವ ಮುನ್ನ ತಾವು ನೆಚ್ಚಿದ ಪ್ರತಿ ಪ್ರಬಂಧವನ್ನೂ ಪಬ್‌ಮೆಡ್‌ನಲ್ಲಿ ಮತ್ತೊಮ್ಮೆ ತೆರೆದು ನೋಡಬೇಕಿತ್ತು. ಹಿಂಪಡೆದದ್ದಾದರೆ ಪುಟದ ಮೇಲೆ ಆ ಸೂಚನೆ ಇರುತ್ತದೆ. ಪರಿಶೀಲನೆಗೆ ಮೊದಲೇ ಹೊರಬಿಟ್ಟ ಪ್ರಿಪ್ರಿಂಟ್ ಆದರೆ, ಅದರ ಎಷ್ಟನೇ ಆವೃತ್ತಿಯನ್ನು ಓದಿದೆವೆಂದೂ ಬರೆಯಬೇಕು. ಅಂಕಿಗಳು ಆವೃತ್ತಿಯಿಂದ ಆವೃತ್ತಿಗೆ ಬದಲಾಗಬಹುದು.

ಮಾರ್ಸೆಯ ಆ ಪ್ರಬಂಧವನ್ನು ಅದರ ಪತ್ರಿಕೆ ಹಿಂಪಡೆದದ್ದು 2024ರ ಡಿಸೆಂಬರ್‌ನಲ್ಲಿ, ಪ್ರಕಟವಾಗಿ ನಾಲ್ಕು ವರ್ಷ ಒಂಬತ್ತು ತಿಂಗಳಾದ ಮೇಲೆ. 2020ರ ಏಪ್ರಿಲ್‌ನ ಡಲ್ಲಾಸ್ ಲೇಖನದಲ್ಲಿ ಅದರ ಶೇ. 70 ಇಂದಿಗೂ ಇದೆ. ಆ ಲೇಖನವನ್ನು ಈಗ ತೆರೆಯುವವರು ಹುಡುಕಾಟದ ತಾರೀಖು ಬರೆದಿರುವ ಪ್ಯಾರಾವನ್ನು ಮೊದಲು ಓದಿ, ಆಮೇಲೆ ಉಳಿದದ್ದಕ್ಕೆ ಬನ್ನಿ.